ಸ್ವಿಚ್ ಆಫ್ ಇತ್ತು, ಗ್ರೈಂಡರ್ ಲೈವ್ ಇತ್ತು

ನಮ್ಮ ಕಾಲೇಜಿನ ಮೆಷಿನ್ ಶಾಪಿನಲ್ಲಿ ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬ ಗೆಳೆಯನಿಗೆ ಶಾಕ್ ಹೊಡೆಯಿತು. ಅವನು ಈಗ ಚೆನ್ನಾಗಿದ್ದಾನೆ, ಅದನ್ನು ಮೊದಲೇ ಹೇಳಿಬಿಡ್ತೀವಿ. ಆವತ್ತು ಅದೇ ಬ್ಯಾಚಿನಲ್ಲಿದ್ದ ನಾವು ನಾಲ್ಕು ಜನಕ್ಕೆ ಇನ್‌ಸ್ಟ್ರಕ್ಟರ್ ಸರ್ ಒಂದು ಕೆಲಸ ಒಪ್ಪಿಸಿದರು. ಲೈನ್ ಹೇಗೆ ಬೇರ್ಪಡಿಸಿದೆವು, ಮೆಷಿನ್ ಯಾವ ಸ್ಥಿತಿಯಲ್ಲಿತ್ತು ಅನ್ನೋದನ್ನ ಲಾಗ್ ಪುಸ್ತಕದಲ್ಲಿ ಬರೆಯೋದು. ಗುಮಾಸ್ತರ ಕೆಲಸ ಅನ್ನಿಸಿತ್ತು. ಬರೆಯುತ್ತಾ ಹೋದಂತೆ, ಆ ಶಾಕ್‌ಗೆ ಕಾರಣ ಒಂದಲ್ಲ ಮೂರು ಅಂತ ಗೊತ್ತಾಯಿತು. ಬರೆಯದೆ ರಿಪೇರಿ ಮಾಡಿದ್ದರೆ ಅದರಲ್ಲಿ ಒಂದು ಈಗಲೂ ಗೋಡೆಯೊಳಗೆ ಕೂತಿರುತ್ತಿತ್ತು.

ಆದದ್ದು ಇಷ್ಟು. ಮರದ ಮೇಜಿನ ಮೇಲೆ ಒಂದು ಬೆಂಚ್ ಗ್ರೈಂಡರ್ ಇದೆ. ಸಿಂಗಲ್ ಫೇಸ್, 230 ವೋಲ್ಟ್. ಗೋಡೆಯ ಸಾಕೆಟ್ ದೂರ, ಹಾಗಾಗಿ ಮಧ್ಯೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್. ಎರಡಡಿ ಆಚೆ ಲೇಥ್. ಗೆಳೆಯ ಟೂಲ್ ಬಿಟ್ ಚೂಪು ಮಾಡಿ ಮುಗಿಸಿ, ಗ್ರೈಂಡರಿನ ಸ್ವಿಚ್ ಆಫ್ ಮಾಡಿ, ಚಕ್ರ ಪೂರ್ತಿ ನಿಲ್ಲೋವರೆಗೂ ಕಾದ. ಆಮೇಲೆ ಟೂಲ್ ರೆಸ್ಟ್ ಸರಿ ಮಾಡೋಕೆ ಬಲಗೈ ಹಾಕಿದ. ಎಡಗೈ ಲೇಥಿನ ಬೆಡ್ ಮೇಲಿತ್ತು. ಒಂದು ಕೂಗು ಕೇಳಿತು, ಮುಂದಿನ ಕ್ಷಣ ಅವನು ಹಿಂದಕ್ಕೆ ಬಿದ್ದಿದ್ದ. ಅವನು ಮಾಡಿದ್ದೆಲ್ಲ ಕ್ರಮಬದ್ಧವಾಗೇ ಇತ್ತು ಅನ್ನೋದನ್ನ ಗಮನಿಸಿ. ಮೆಷಿನ್ ಆಫ್ ಆಗಿತ್ತು, ಚಕ್ರ ನಿಂತಿತ್ತು.

ಹತ್ತಿರ ನಿಂತಿದ್ದವನೊಬ್ಬ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿದ. ಎಲ್ಲರೂ ಉಸಿರು ಬಿಟ್ಟೆವು. ಸರ್ ಮಾತ್ರ "ಯಾರೂ ಗ್ರೈಂಡರ್ ಮುಟ್ಟಬೇಡಿ" ಅಂತ ಕೂಗಿ ಹತ್ತಿರ ಬಂದು, ಗ್ರೈಂಡರಿನ ಮೈಗೆ ಟೆಸ್ಟರ್ ತುದಿ ಇಟ್ಟರು. ಅದು ಉರಿಯಿತು. ಗ್ರೈಂಡರ್ ಸ್ವಿಚ್ ಆಫ್, ಗೋಡೆಯ ಸ್ವಿಚ್ ಆಫ್, ಆದರೂ ಟೆಸ್ಟರ್ ಉರಿಯುತ್ತಿದೆ. ಅವರು ಎರಡನೇ ಮಾತಾಡದೆ ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಹೋಗಿ ಮೇನ್ ಐಸೊಲೇಟರ್ ಕೆಳಗೆಳೆದರು. ಇಡೀ ಶಾಪಿನ ಫ್ಯಾನುಗಳು ನಿಧಾನವಾಗಿ ನಿಂತವು. ಆಮೇಲೆ ಗೆಳೆಯನ ಕಡೆ. ಪ್ರಜ್ಞೆ ಇತ್ತು, ಮಾತಾಡುತ್ತಿದ್ದ. ಆದರೂ ಕೂಡಲೇ ಆಸ್ಪತ್ರೆಗೆ ಕಳಿಸಿದರು. ಕೈಯಿಂದ ಕೈಗೆ ಹರಿದ ಕರೆಂಟ್ ಎದೆಯನ್ನು ದಾಟಿಯೇ ಹೋಗಿರುತ್ತದೆ, ಹಾಗಾಗಿ "ಏನೂ ಆಗಿಲ್ಲ ಸರ್" ಅನ್ನೋ ಮಾತಿಗೆ ಬೆಲೆ ಇಲ್ಲ, ಇಸಿಜಿ ಆಗಲೇಬೇಕು. ಇಸಿಜಿ ಸರಿಯಾಗಿತ್ತು. ಸಂಜೆವರೆಗೆ ನೋಡಿ ಮನೆಗೆ ಕಳಿಸಿದರು.

ಇತ್ತ ಕಾಲೇಜಿನ ಎಲೆಕ್ಟ್ರಿಷಿಯನ್ ಬಂದರು. ಎಕ್ಸ್‌ಟೆನ್ಷನ್ ಬೋರ್ಡ್ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು.

"ಇದಕ್ಕೆ ಅರ್ತ್ ಇಲ್ಲ ಸರ್. ಬೇರೆ ಬೋರ್ಡ್ ಹಾಕಿಬಿಡ್ತೀನಿ, ಐದು ನಿಮಿಷದ ಕೆಲಸ."

"ಬೇಡಪ್ಪ. ಮೊದಲು ಈ ಹುಡುಗರು ಬರೀಲಿ. ನೀನು ಬಿಚ್ಚಿದ ಮೇಲೆ ನೋಡೋಕೆ ಏನು ಉಳಿಯುತ್ತೆ?" ಅಂದರು ಸರ್.

ನಮಗೆ ಹೇಳಿದ್ದು ಎರಡೇ ನಿಯಮ. ಒಂದು, ಲೈನ್ ಸತ್ತಿದೆ ಅಂತ ಅಳತೆಯಿಂದ ಖಾತ್ರಿಯಾಗೋವರೆಗೂ ಯಾವುದನ್ನೂ ಮುಟ್ಟಬಾರದು. ಎರಡು, ಪುಟದ ಮಧ್ಯೆ ಗೆರೆ ಎಳೆದು ಎಡಗಡೆ ಕಂಡದ್ದು, ಬಲಗಡೆ ಅಂದುಕೊಂಡದ್ದು ಬರೆಯಬೇಕು. "ಅರ್ತ್ ವೈರ್ ಕಿತ್ತುಹೋಗಿದೆ" ಅಂತ ನಮ್ಮಲ್ಲೊಬ್ಬ ಹೇಳಿದಾಗ ಸರ್ ಕೇಳಿದರು, "ಕಿತ್ತುಹೋಗಿದ್ದನ್ನ ನೋಡಿದ್ಯಾ, ಇಲ್ಲದೇ ಇರೋದನ್ನ ನೋಡಿದ್ಯಾ?" ಆ ಪ್ರಶ್ನೆ ಎಷ್ಟು ಮುಖ್ಯ ಅನ್ನೋದು ಒಂದು ಗಂಟೆ ಆದಮೇಲೆ ಗೊತ್ತಾಯಿತು.

ಮೊದಲ ಪುಟದಲ್ಲಿ ಏನನ್ನೂ ಕದಲಿಸದೆ ಕಣ್ಣಿಗೆ ಕಂಡದ್ದಷ್ಟೇ ಬರೆದೆವು. ಗ್ರೈಂಡರ್ ಸ್ವಿಚ್ ಆಫ್. ಎಕ್ಸ್‌ಟೆನ್ಷನ್ ಸ್ವಿಚ್ ಆನ್. ಗೋಡೆಯ ಸ್ವಿಚ್ ಆಫ್, ಆದರೆ ಶಾಕ್ ಹೊಡೆದಾಗ ಆನ್ ಇತ್ತು, ಆಮೇಲೆ ಆಫ್ ಮಾಡಿದ್ದು. ಇದನ್ನು ಬರೆದಿಡದಿದ್ದರೆ ಮರುದಿನ ಬಂದು ನೋಡಿದವರು ಸ್ವಿಚ್ ಮೊದಲಿನಿಂದಲೂ ಆಫ್ ಇತ್ತು ಅಂತಲೇ ತಿಳಿಯುತ್ತಿದ್ದರು. ಡಿಬಿಯಲ್ಲಿ ಮೇನ್ ಆಫ್, ಆದರೆ ಎಲ್ಲ ಎಂಸಿಬಿಗಳೂ ಆನ್, ಒಂದೂ ಟ್ರಿಪ್ ಆಗಿಲ್ಲ. ಬೋರ್ಡಿನಲ್ಲಿ ಆರ್‌ಸಿಸಿಬಿ ಇಲ್ಲ. ನೆಲ ಒಣಗಿತ್ತು, ಗೆಳೆಯನ ಕಾಲಲ್ಲಿ ರಬ್ಬರ್ ಅಟ್ಟೆಯ ಶೂ ಇತ್ತು. ಪ್ರತಿಯೊಂದಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದು, ಫೋಟೊ ಸಂಖ್ಯೆಯನ್ನು ಸಾಲಿನ ಪಕ್ಕ ಬರೆದೆವು.

ಆಮೇಲೆ ಐಸೊಲೇಷನ್. ಆಫ್ ಮಾಡೋದಕ್ಕೂ ಐಸೊಲೇಟ್ ಮಾಡೋದಕ್ಕೂ ಏನು ವ್ಯತ್ಯಾಸ ಅಂತ ನಮಗೆ ತರಗತಿಯಲ್ಲಿ ಹೇಳಿದ್ದರು, ಅಲ್ಲಿ ಕಣ್ಣಾರೆ ಕಂಡೆವು. ಆಫ್ ಅಂದರೆ ಮೆಷಿನ್ ತಿರುಗೋದು ನಿಲ್ಲುತ್ತೆ, ಅಷ್ಟೇ. ಐಸೊಲೇಟ್ ಅಂದರೆ ಲೈವ್ ಆಗಬಹುದಾದ ಪ್ರತಿಯೊಂದು ತಂತಿಯೂ ಮೂಲದಿಂದ ಕಳಚಿರಬೇಕು, ಬೇರೆ ಯಾರೂ ಮತ್ತೆ ಜೋಡಿಸೋಕೆ ಆಗಬಾರದು, ಮತ್ತು ಹಾಗೆ ಕಳಚಿದೆ ಅಂತ ಅಳೆದು ನೋಡಿರಬೇಕು.

ಮೇನ್ ಆಫ್ ಇರುವಾಗಲೇ ಎಲೆಕ್ಟ್ರಿಷಿಯನ್ ಎಕ್ಸ್‌ಟೆನ್ಷನ್ನಿನ ಪ್ಲಗ್ ಅನ್ನು ಗೋಡೆಯಿಂದ ಎಳೆದರು. ಪ್ಲಗ್ ಇರುವ ಮೆಷಿನಿಗೆ ಇದಕ್ಕಿಂತ ಒಳ್ಳೆ ಐಸೊಲೇಷನ್ ಇಲ್ಲ, ಎರಡೂ ತಂತಿ ಕಣ್ಣೆದುರೇ ಬೇರೆಯಾಗುತ್ತವೆ. ಪ್ಲಗ್ಗಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕೇಬಲ್ ಟೈ ಬಿಗಿದು ಟ್ಯಾಗ್ ಕಟ್ಟಿದೆವು. ಆಮೇಲೆ ಗೋಡೆಯ ಸಾಕೆಟ್ಟಿನ ಸರದಿ. ಅದಕ್ಕೆ ಹೋಗುವ ಎಂಸಿಬಿ ಯಾವುದು ಅನ್ನೋ ಲೇಬಲ್ ಮಾಸಿಹೋಗಿತ್ತು. ಹಾಗಾಗಿ ಎಲ್ಲರನ್ನೂ ದೂರ ನಿಲ್ಲಿಸಿ ಮೇನ್ ಆನ್ ಮಾಡಿ, ಖಾಲಿ ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಹಾಕಿ, ಒಂದೊಂದೇ ಎಂಸಿಬಿ ಇಳಿಸುತ್ತಾ ಲ್ಯಾಂಪ್ ಯಾವಾಗ ಆರುತ್ತೆ ಅಂತ ನೋಡಿದರು. ಆ ಎಂಸಿಬಿಗೆ ಲಾಕ್ ಹಾಕಿ, ಬೀಗದ ಕೀಲಿಯನ್ನು ಸರ್ ಜೇಬಿಗೆ ಹಾಕಿಕೊಂಡರು. ಟ್ಯಾಗಿನ ಮೇಲೆ ಹೆಸರು, ತಾರೀಕು, ಸಮಯ, ಕಾರಣ.

ಲ್ಯಾಂಪ್ ಆರಿತಲ್ಲ, ಸಾಕಲ್ವಾ? ಸಾಲದು. ಲ್ಯಾಂಪ್ ಇದ್ದದ್ದು ಫೇಸ್ ಮತ್ತು ನ್ಯೂಟ್ರಲ್ ಮಧ್ಯೆ. ಎರಡರಲ್ಲಿ ಯಾವುದು ಕಳಚಿದರೂ ಅದು ಆರುತ್ತೆ. ಆ ಎಂಸಿಬಿ ಸಿಂಗಲ್ ಪೋಲ್, ಒಂದೇ ತಂತಿಯನ್ನು ಕತ್ತರಿಸುತ್ತೆ. ಡಿಬಿಯಲ್ಲೇ ತಂತಿ ಅದಲುಬದಲಾಗಿದ್ದರೆ ಲ್ಯಾಂಪ್ ಆರಿದರೂ ಸಾಕೆಟ್ ಲೈವ್ ಆಗೇ ಇರುತ್ತೆ. ಅದಕ್ಕೇ ಮಲ್ಟಿಮೀಟರ್. ಮೊದಲು ಪಕ್ಕದ ಸ್ಟಾಫ್ ರೂಮಿನ ಸಾಕೆಟ್ಟಿನಲ್ಲಿ ಮೀಟರ್ 230ರ ಆಸುಪಾಸು ತೋರಿಸುತ್ತೆ ಅಂತ ನೋಡಿಕೊಂಡರು. ನಂತರ ನಮ್ಮ ಸಾಕೆಟ್ಟಿನಲ್ಲಿ ಬಲ–ಎಡ, ಬಲ–ಅರ್ತ್, ಎಡ–ಅರ್ತ್, ಮೂರೂ ಜೋಡಿ ಅಳೆದರು. ಮೂರೂ ಸೊನ್ನೆ. ಮತ್ತೆ ಸ್ಟಾಫ್ ರೂಮಿಗೆ ಹೋಗಿ ಮೀಟರ್ ಇನ್ನೂ 230 ತೋರಿಸುತ್ತೆ ಅಂತ ಖಾತ್ರಿ ಮಾಡಿಕೊಂಡರು. ಈ ಕೊನೆಯ ನಡಿಗೆ ನಮಗೆ ಅತಿ ಅನ್ನಿಸಿತ್ತು. ಆದರೆ ಮಧ್ಯದಲ್ಲಿ ಪ್ರೋಬಿನ ತಂತಿ ತುಂಡಾದರೂ ಮೀಟರ್ ತೋರಿಸೋದು ಸೊನ್ನೆಯನ್ನೇ. ಕೆಟ್ಟ ಮೀಟರಿನ ಸೊನ್ನೆಗೂ ಸತ್ತ ಲೈನಿನ ಸೊನ್ನೆಗೂ ನೋಡೋಕೆ ವ್ಯತ್ಯಾಸ ಇಲ್ಲ. ಐದು ಅಳತೆಗಳನ್ನೂ ಸಮಯದ ಸಮೇತ ಬರೆದೆವು.

ಈಗ ಬಿಚ್ಚುವ ಹೊತ್ತು. ಮೊದಲು ಎಕ್ಸ್‌ಟೆನ್ಷನ್. ಪ್ಲಗ್ ತೆರೆದಾಗ ದಪ್ಪ ಪಿನ್ನಿಗೆ ಯಾವ ತಂತಿಯೂ ಇಲ್ಲ. ಕಿತ್ತು ಬಂದ ತುದಿಯೂ ಇಲ್ಲ, ಯಾಕಂದರೆ ಕೇಬಲ್ಲಿನ ಒಳಗಿದ್ದದ್ದೇ ಎರಡು ತಂತಿ. ಯಾರೋ ಯಾವತ್ತೋ ಟೂ ಕೋರ್ ಕೇಬಲ್ಲಿಗೆ ಮೂರು ಪಿನ್ನಿನ ಪ್ಲಗ್ ಹಾಕಿ ಬೋರ್ಡ್ ಮಾಡಿದ್ದರು. ಹೊರಗಿಂದ ನೋಡಿದರೆ ಮೂರು ತೂತಿನ ಸಾಕೆಟ್, ಮೂರು ಪಿನ್ನಿನ ಪ್ಲಗ್, ಎಲ್ಲವೂ ಸರಿ. ಸರ್ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅರ್ತ್ ಕಿತ್ತುಹೋಗಿರಲಿಲ್ಲ, ಇರಲೇ ಇಲ್ಲ. ಕಿತ್ತುಹೋಗಿದ್ದರೆ ಅದು ಸವೆತದ ಕಥೆ, ಒಂದು ಬೋರ್ಡಿನ ಪಾಡು. ಇರಲೇ ಇಲ್ಲ ಅಂದರೆ ಅದೇ ಕೈ ಮಾಡಿದ ಬೇರೆ ಬೋರ್ಡುಗಳನ್ನೂ ಹುಡುಕಬೇಕು. ಹುಡುಕಿದಾಗ ವೆಲ್ಡಿಂಗ್ ಸೆಕ್ಷನ್ನಿನಲ್ಲಿ ಇನ್ನೊಂದು ಸಿಕ್ಕಿತು.

ಆಮೇಲೆ ಗ್ರೈಂಡರ್. ಅದರ ಸ್ವಂತ ಪ್ಲಗ್ಗಿನ ದಪ್ಪ ಪಿನ್ನಿನಿಂದ ಮೈಗೆ ಅಳೆದರೆ 0.3 ಓಮ್. ಅಂದರೆ ಗ್ರೈಂಡರಿನ ಅರ್ತ್ ತಂತಿ ಸರಿಯಾಗಿಯೇ ಇತ್ತು. ಅದೊಂದನ್ನೇ ಪರೀಕ್ಷೆಗೆ ಕಳಿಸಿದ್ದರೆ ಅರ್ತ್ ವಿಷಯದಲ್ಲಿ ಪಾಸ್ ಆಗಿ ಬರುತ್ತಿತ್ತು. ನಂತರ ಗ್ರೈಂಡರ್ ಸ್ವಿಚ್ ಆಫ್ ಇಟ್ಟೇ 500 ವೋಲ್ಟ್ ಮೆಗ್ಗರಿನಲ್ಲಿ ಇನ್ಸುಲೇಷನ್ ನೋಡಿದರು. ಕಂದು ತಂತಿಗೂ ಮೈಗೂ ಮಧ್ಯೆ 200 ಮೆಗಾಓಮ್‌ಗಿಂತ ಹೆಚ್ಚು. ನೀಲಿ ತಂತಿಗೂ ಮೈಗೂ ಮಧ್ಯೆ ಸೊನ್ನೆ. ಕನಿಷ್ಠ 1 ಮೆಗಾಓಮ್ ಇರಬೇಕಿತ್ತು. ಸ್ವಿಚ್ ಆನ್ ಇಟ್ಟು ಅಳೆದಿದ್ದರೆ ವೈಂಡಿಂಗ್ ಮೂಲಕ ಸೇರಿಕೊಂಡು ಎರಡೂ ತಂತಿ ಸೊನ್ನೆ ತೋರಿಸುತ್ತಿದ್ದವು, ಯಾವುದರದು ತಪ್ಪು ಅಂತ ಗೊತ್ತಾಗುತ್ತಿರಲಿಲ್ಲ. ತಳದ ಮುಚ್ಚಳ ಬಿಚ್ಚಿದಾಗ ಕಾರಣ ಕಂಡಿತು. ಕೇಬಲ್ ಒಳಗೆ ಹೋಗುವ ತೂತಿನಲ್ಲಿ ರಬ್ಬರ್ ಬುಷ್ ಇರಲಿಲ್ಲ. ಗ್ರೈಂಡರಿನ ನಡುಕಕ್ಕೆ ತಗಡಿನ ಅಂಚು ಹೊರಗಿನ ಕವಚವನ್ನೂ ನೀಲಿ ತಂತಿಯ ಇನ್ಸುಲೇಷನ್ನನ್ನೂ ಕುಯ್ದು, ತಾಮ್ರ ತಗಡಿಗೆ ತಾಕಿತ್ತು.

ಇಲ್ಲಿಗೆ ನಮ್ಮ ಎಡಗಡೆಯ ಕಾಲಂ ನಮಗೇ ತಕರಾರು ತೆಗೆಯಿತು. ನೀಲಿ ಅಂದರೆ ನ್ಯೂಟ್ರಲ್. ನ್ಯೂಟ್ರಲ್ ಮೈಗೆ ತಾಕಿದರೆ ಈ ಥರ ಶಾಕ್ ಹೊಡೆಯೋದಿಲ್ಲ, ಅದರ ವೋಲ್ಟೇಜ್ ಭೂಮಿಗೆ ಹೋಲಿಸಿದರೆ ಸಾಮಾನ್ಯವಾಗಿ ಒಂದೆರಡು ವೋಲ್ಟ್ ಅಷ್ಟೇ. ಹಾಗಾದರೆ 230 ಎಲ್ಲಿಂದ ಬಂತು? ಗೋಡೆಯ ಸ್ವಿಚ್ ಆಫ್ ಮಾಡಿದ ಮೇಲೂ ಟೆಸ್ಟರ್ ಉರಿದದ್ದು ಯಾಕೆ? ಬಲಗಡೆಯ ಕಾಲಂನಲ್ಲಿ ಒಂದೇ ಸಾಲು ಬರೆದೆವು: ಸಾಕೆಟ್ ಉಲ್ಟಾ ಇರಬಹುದು.

ಎಲೆಕ್ಟ್ರಿಷಿಯನ್ ಸಾಕೆಟ್ಟಿನ ಮುಖ ಬಿಚ್ಚಿದರು. ನಮ್ಮ ಮೂರು ಪಿನ್ನಿನ ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಅರ್ತ್ ಮೇಲೆ, ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ ಇರಬೇಕು. ಸ್ವಿಚ್ ಇರೋದು ಬಲಗಡೆಯ ಫೇಸ್ ದಾರಿಯಲ್ಲಿ. ಇಲ್ಲಿ ಬಲಕ್ಕೆ ಹೋಗುವ ಸ್ವಿಚ್ಚಿಗೆ ಕಪ್ಪು ತಂತಿ, ಎಡಕ್ಕೆ ನೇರವಾಗಿ ಕೆಂಪು. ಬಣ್ಣ ನೋಡಿ ತೀರ್ಮಾನಿಸಬಾರದು ಅಂತ, ಸರ್ ಬೀಗ ತೆಗೆದರು, ನಾವೆಲ್ಲ ಹಿಂದೆ ಸರಿದೆವು, ಎಲೆಕ್ಟ್ರಿಷಿಯನ್ ಒಬ್ಬರೇ ಲೈವ್ ಅಳತೆ ತೆಗೆದರು. ಸ್ವಿಚ್ ಆನ್ ಇದ್ದಾಗ ಬಲ–ಎಡ 231, ಬಲ–ಅರ್ತ್ 2, ಎಡ–ಅರ್ತ್ 230. ಸ್ವಿಚ್ ಆಫ್ ಮಾಡಿದ ಮೇಲೆ ಎಡ–ಅರ್ತ್ ಆಗಲೂ 230. ಮತ್ತೆ ಎಂಸಿಬಿ ಇಳಿಸಿ, ಬೀಗ ಹಾಕಿ, ಮತ್ತೊಮ್ಮೆ ಸತ್ತಿದೆ ಅಂತ ಅಳೆದರು.

ಈಗ ಮೂರೂ ಸೇರಿಸಿ ನೋಡಿ. ಸಾಕೆಟ್ ಉಲ್ಟಾ ಇದ್ದದ್ದರಿಂದ ಗ್ರೈಂಡರಿನ ನೀಲಿ ತಂತಿಯಲ್ಲಿ ಯಾವಾಗಲೂ ಫೇಸ್ ಇತ್ತು. ಗೋಡೆಯ ಸ್ವಿಚ್, ಎಕ್ಸ್‌ಟೆನ್ಷನ್ ಸ್ವಿಚ್, ಗ್ರೈಂಡರ್ ಸ್ವಿಚ್ ಮೂರೂ ನ್ಯೂಟ್ರಲ್ಲನ್ನು ಕತ್ತರಿಸುತ್ತಿದ್ದವು. ಮೋಟಾರ್ ನಿಲ್ಲುತ್ತಿತ್ತು, ಫೇಸ್ ನಿಲ್ಲುತ್ತಿರಲಿಲ್ಲ. ಆ ನೀಲಿ ತಂತಿ ಸವೆದು ಮೈಗೆ ತಾಕಿತು. ಎಕ್ಸ್‌ಟೆನ್ಷನ್ನಿನಲ್ಲಿ ಅರ್ತ್ ಇಲ್ಲದ್ದರಿಂದ ಆ ಕರೆಂಟಿಗೆ ಹೋಗೋಕೆ ದಾರಿ ಇರಲಿಲ್ಲ, ಮೈ ಸುಮ್ಮನೆ 230 ವೋಲ್ಟಿನಲ್ಲಿ ಕೂತಿತ್ತು. ರಬ್ಬರ್ ಶೂ, ಒಣ ನೆಲ, ಮರದ ಮೇಜು ಇದ್ದದ್ದರಿಂದ ಗ್ರೈಂಡರ್ ಒಂದನ್ನೇ ಮುಟ್ಟಿದವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಸರಿಯಾಗಿ ಅರ್ತ್ ಆಗಿದ್ದ ಲೇಥನ್ನೂ ಗ್ರೈಂಡರನ್ನೂ ಒಟ್ಟಿಗೆ ಹಿಡಿದ ಮೊದಲ ಮನುಷ್ಯ ನಮ್ಮ ಗೆಳೆಯ.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಅನೇಕರು ಕೇಳಿದರು. ಲೆಕ್ಕ ಸರಳ. ಕೈಯಿಂದ ಕೈಗೆ ದೇಹದ ಅಡ್ಡಿ ಸುಮಾರು 1500 ಓಮ್ ಅಂತ ಇಟ್ಟುಕೊಂಡರೆ 230ನ್ನು 1500ರಿಂದ ಭಾಗಿಸಿ, 0.15 ಆಂಪಿಯರ್. ಕೈ ಒಣಗಿದ್ದು, ಬೆರಳ ತುದಿ ಮಾತ್ರ ತಾಕಿದ್ದರೆ ಇನ್ನೂ ಕಡಿಮೆ. ಅಲ್ಲಿದ್ದದ್ದು 16 ಆಂಪಿಯರಿನ ಸಿ ಕರ್ವ್ ಎಂಸಿಬಿ. ಅದು ತಕ್ಷಣ ಬೀಳಬೇಕಾದರೆ ಕನಿಷ್ಠ 80 ಆಂಪಿಯರ್ ಬೇಕು. ಮನುಷ್ಯನನ್ನು ಕೊಲ್ಲಬಲ್ಲ ಕರೆಂಟ್ ಅದರ ಲೆಕ್ಕದಲ್ಲಿ ಒಂದು ಸಣ್ಣ ಬಲ್ಬು. ಎಂಸಿಬಿ ಇರೋದು ತಂತಿಯನ್ನು ಕಾಯೋಕೆ. ಎಕ್ಸ್‌ಟೆನ್ಷನ್ನಿನಲ್ಲಿ ಅರ್ತ್ ಇದ್ದು, ಹೋಗಿಬರುವ ಪೂರ್ತಿ ದಾರಿಯ ಅಡ್ಡಿ 1 ಓಮ್ ಇದ್ದಿದ್ದರೆ, ತಂತಿ ಮೈಗೆ ತಾಕಿದ ಕ್ಷಣವೇ 200 ಆಂಪಿಯರ್ ದಾಟಿ ಎಂಸಿಬಿ ಬೀಳುತ್ತಿತ್ತು. ಆಗ ಆಗುತ್ತಿದ್ದದ್ದು ಶಾಕ್ ಅಲ್ಲ, ಕರೆಂಟ್ ಹೋಯ್ತು ಅನ್ನೋ ಗೊಣಗಾಟ. ಇನ್ನು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದಿದ್ದರೆ, ಅರ್ತ್ ಇಲ್ಲದಿದ್ದರೂ, ಗೆಳೆಯನ ಮೈಯಲ್ಲಿ ಹರಿದ ಕರೆಂಟನ್ನೇ ಗುರುತಿಸಿ ಸೆಕೆಂಡಿನ ಸಣ್ಣ ಭಾಗದಲ್ಲಿ ಕತ್ತರಿಸುತ್ತಿತ್ತು. ಒಂದು ಏಟು ಬಿದ್ದೇ ಬೀಳುತ್ತಿತ್ತು, ಆದರೆ ಅದು ಲಂಬಿಸುತ್ತಿರಲಿಲ್ಲ.

ಆ ಐದು ನಿಮಿಷದ ರಿಪೇರಿ ಆಗಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಕೂತು ಯೋಚಿಸಿದೆವು. ಅರ್ತ್ ಇರುವ ಹೊಸ ಬೋರ್ಡ್ ಹಾಕಿ ಪ್ಲಗ್ ಚುಚ್ಚಿದ ಕೂಡಲೇ ಎಂಸಿಬಿ ಬೀಳುತ್ತಿತ್ತು. ಗ್ರೈಂಡರ್ ಬಿಚ್ಚಿ ಸವೆದ ನೀಲಿ ತಂತಿ ಸಿಗುತ್ತಿತ್ತು, ಬದಲಾಯಿಸುತ್ತಿದ್ದರು. ಗ್ರೈಂಡರ್ ಚೆನ್ನಾಗಿ ಓಡುತ್ತಿತ್ತು, ಮುಟ್ಟಿದರೆ ಶಾಕ್ ಇಲ್ಲ, ಎಲ್ಲ ಸರಿಹೋಯಿತು ಅಂತ ಸಹಿ ಬೀಳುತ್ತಿತ್ತು. ಉಲ್ಟಾ ಸಾಕೆಟ್ ಹಾಗೇ ಉಳಿಯುತ್ತಿತ್ತು, ಯಾಕಂದರೆ ಉಲ್ಟಾ ಸಾಕೆಟ್ಟಿನಲ್ಲಿ ಮೋಟಾರ್ ಸರಿಯಾಗೇ ತಿರುಗುತ್ತೆ. ಮುಂದೊಂದು ದಿನ ಅದೇ ಸಾಕೆಟ್ಟಿನ ಸ್ವಿಚ್ ಆಫ್ ಮಾಡಿ, ಇನ್ಯಾವುದೋ ಮೆಷಿನಿನ ಟರ್ಮಿನಲ್ ಬಿಚ್ಚುವವರ ಬೆರಳಿಗೆ ಅದು ಕಾದಿರುತ್ತಿತ್ತು. ಸವೆದದ್ದು ನೀಲಿ, ಕಂದು ಅಲ್ಲ ಅನ್ನೋ ಒಂದು ಸಾಲು, ಮತ್ತು ಗೋಡೆಯ ಸ್ವಿಚ್ ಆಫ್ ಆದಮೇಲೂ ಟೆಸ್ಟರ್ ಉರಿಯಿತು ಅನ್ನೋ ಇನ್ನೊಂದು ಸಾಲು, ಇವೆರಡು ಪಕ್ಕಪಕ್ಕ ಬಂದದ್ದರಿಂದಲೇ ಸಾಕೆಟ್ ಬಿಚ್ಚಬೇಕು ಅಂತ ಹೊಳೆದದ್ದು.

ಟೆಸ್ಟರ್ ಬಗ್ಗೆ ಒಂದು ಮಾತು. ಆವತ್ತು ಅದು ಸತ್ಯ ಹೇಳಿತು. ಆದರೆ ಅರ್ತ್ ಇಲ್ಲದ ಮೈಯಲ್ಲಿ ಬರೀ ಸೋರಿಕೆಗೂ ಅದು ಮಂಕಾಗಿ ಉರಿಯಬಹುದು, ಹಗಲು ಬೆಳಕಿನಲ್ಲಿ ಉರಿದದ್ದು ಕಾಣದೆಯೂ ಇರಬಹುದು. ಉರಿದರೆ ಲೈವ್ ಅಂತಲೇ ತಿಳಿಯಿರಿ. ಉರಿಯಲಿಲ್ಲ ಅಂತ ಮಾತ್ರ ಕೈ ಹಾಕಬೇಡಿ.

2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ತಿನಿಂದ ಯಾರಿಗಾದರೂ ಗಾಯವಾದರೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರಿಗೆ ತಿಳಿಸಬೇಕು. ಆ ವರದಿ ಕಾಲೇಜಿನಿಂದ ಹೋಯಿತು. ಅದರ ಜೊತೆ ಹೋದದ್ದು ನಮ್ಮ ಹನ್ನೊಂದು ಪುಟ. ಕಳಿಸುವ ಮುಂಚೆ ಸರ್ ಒಂದೇ ತಿದ್ದುಪಡಿ ಮಾಡಿಸಿದರು. "ಅರ್ತ್ ಚೆನ್ನಾಗಿದೆ" ಅಂತ ಸಾಕೆಟ್ಟಿನ ಬಗ್ಗೆ ನಾವು ಬರೆದಿದ್ದ ಸಾಲನ್ನು ಬಲಗಡೆಯ ಕಾಲಂಗೆ ಸರಿಸಲು ಹೇಳಿದರು. ಎಡ–ಅರ್ತ್ 230 ಅಂದರೆ ಅರ್ತ್ ಎಲ್ಲೋ ಸೇರಿದೆ ಅಂತ ಮಾತ್ರ. ನೂರಿನ್ನೂರು ಆಂಪಿಯರ್ ಹೊರುವಷ್ಟು ಗಟ್ಟಿಯಾಗಿ ಸೇರಿದೆಯಾ ಅನ್ನೋದನ್ನ ಮಲ್ಟಿಮೀಟರ್ ಹೇಳೋದಿಲ್ಲ, ಅದಕ್ಕೆ ಲೂಪ್ ಟೆಸ್ಟರ್ ಬೇಕು.

ಶಾಪಿನ ಉಳಿದ ಸಾಕೆಟ್ಟುಗಳನ್ನೂ ಆ ವಾರ ಅಳೆದರು, ಇನ್ನೆರಡು ಉಲ್ಟಾ ಸಿಕ್ಕವು. ಎರಡು ತಂತಿಯ ಬೋರ್ಡುಗಳನ್ನು ಮತ್ತೆ ಯಾರೂ ಬಳಸದಂತೆ ಕೇಬಲ್ ಕತ್ತರಿಸಿ ಎಸೆದರು. ಗ್ರೈಂಡರಿಗೆ ಹೊಸ ತ್ರೀ ಕೋರ್ ಕೇಬಲ್, ರಬ್ಬರ್ ಬುಷ್, ಪಕ್ಕದಲ್ಲೇ ಒಂದು ಹೊಸ ಸಾಕೆಟ್. ಮೆಗ್ಗರ್ ಓದಿದ್ದು ಎರಡೂ ತಂತಿಗೆ 200 ಮೆಗಾಓಮ್ ಮೇಲೆ. ಬೀಗ ತೆಗೆದವರ ಹೆಸರು, ಸಮಯ, ಸಹಿ ಎಲ್ಲ ಇದೆ. ಆ ಬೋರ್ಡಿಗೆ ಆರ್‌ಸಿಸಿಬಿ ಬಂತು. ಪಕ್ಕದ ವೆಲ್ಡಿಂಗ್ ಸೆಕ್ಷನ್ನಿನ ಬೋರ್ಡಿಗೆ ಇನ್ನೂ ಬಂದಿಲ್ಲ. ಲಾಗ್ ಪುಸ್ತಕದ ಹನ್ನೊಂದನೇ ಪುಟದ ಕೊನೆಯ ಸಾಲು ಅದೇ, ಅದರ ಮುಂದೆ ಈ ಬರಹ ಮುಗಿಸುವ ದಿನದವರೆಗೂ ಟಿಕ್ ಬಿದ್ದಿಲ್ಲ.